ಒಂದು ನಿಮಿಷದ ಓಸಿ

(ಭದ್ರಾವತಿಯ ಕಾಲೇಜೊಂದರಲ್ಲಿ ಕೊನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಅಂದು ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಸೇರಿಸಿದ್ದೇನೆ.)

ನಮಸ್ಕಾರ. ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ನಿವೃತ್ತಿಗೆ ಸ್ವಲ್ಪ ಮೊದಲು ಒಬ್ಬ ಹುಡುಗ ನನ್ನ ಮೇಜಿನ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದ. ಇವತ್ತಿನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ ಅಂದುಕೊಳ್ಳಿ.

ಅವನದು ಮೊಬೈಲ್ ರಿಪೇರಿ ಅಂಗಡಿ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಅವನ ಖಾತೆ ಫ್ರೀಜ್ ಆಗಿತ್ತು. ಅದರ ಕತೆ ಆಮೇಲೆ ಹೇಳುತ್ತೇನೆ. ಮಾತಿನ ನಡುವೆ ಅವನು ಫೋನ್ ತೆಗೆದು ಒಂದು ಟ್ರೇಡಿಂಗ್ ಆ್ಯಪ್ ತೋರಿಸಿದ. "ಸರ್, ನೀವೇ ನೋಡಿ. 19 ದಿನದಲ್ಲಿ 400 ಟ್ರೇಡ್ ಮಾಡಿದೀನಿ. 206 ಗೆದ್ದಿದೀನಿ, 194 ಸೋತಿದೀನಿ. ಗೆದ್ದಿದ್ದೇ ಜಾಸ್ತಿ ಅಲ್ವಾ? ಆದ್ರೂ ದುಡ್ಡು ಎಲ್ಲಿಗೆ ಹೋಯ್ತು?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಹಿಸ್ಟರಿಯಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಯಾರೂ ಅವನ ಪಾಸ್‌ವರ್ಡ್ ಕದ್ದಿರಲಿಲ್ಲ. ಗೆದ್ದ ಪ್ರತಿ ಟ್ರೇಡಿಗೂ ಹೇಳಿದಷ್ಟೇ ಹಣ ಬಂದಿತ್ತು. ಆದರೂ 12,540 ರೂಪಾಯಿ ಹೋಗಿತ್ತು.

ಆ ಆ್ಯಪ್ ಮಾರುತ್ತಿದ್ದದ್ದು ಬೈನರಿ ಆಪ್ಷನ್. ಹೆಸರು ದೊಡ್ಡದು, ವಿಷಯ ಸಣ್ಣದು. ಪರದೆ ಮೇಲೆ ಡಾಲರ್–ಯೂರೋ ದರವೋ ಚಿನ್ನದ ದರವೋ ಓಡುತ್ತಿರುತ್ತದೆ. ಕೆಳಗೆ ಎರಡು ಬಟನ್, ಒಂದು ಹಸಿರು, ಒಂದು ಕೆಂಪು. ಒಂದು ನಿಮಿಷದ ನಂತರ ದರ ಈಗಿನದಕ್ಕಿಂತ ಮೇಲಿರುತ್ತೋ ಕೆಳಗಿರುತ್ತೋ ಅಂತ ಹೇಳಬೇಕು, ಅಷ್ಟೇ. ಎಷ್ಟು ಮೇಲೆ ಅನ್ನುವುದು ಲೆಕ್ಕಕ್ಕಿಲ್ಲ. ಕೂದಲೆಳೆಯಷ್ಟು ಮೇಲೆ ಹೋದರೂ ಗೆದ್ದಂತೆ, ಕೂದಲೆಳೆಯಷ್ಟು ಕೆಳಗೆ ಬಂದರೂ ಸೋತಂತೆ. ಗೆದ್ದರೆ ಮೊದಲೇ ಹೇಳಿದ ಲಾಭ. ಸೋತರೆ ಇಟ್ಟ ಹಣ ಪೂರ್ತಿ ಹೋಗುತ್ತದೆ.

ಇವನ ಆ್ಯಪಿನಲ್ಲಿ ಆ ಲಾಭ 82 ಪರ್ಸೆಂಟ್ ಇತ್ತು. ಪ್ರತಿ ಸಲವೂ 500 ರೂಪಾಯಿ ಇಡುತ್ತಿದ್ದ. ಗೆದ್ದಾಗ ಕೈಗೆ ಬಂದದ್ದು 410. ಸೋತಾಗ ಕೈಯಿಂದ ಹೋದದ್ದು 500. ಈಗ ಗುಣಿಸಿ ನೋಡಿ. 206 ಸಲ 410 ಅಂದರೆ 84,460. 194 ಸಲ 500 ಅಂದರೆ 97,000. ಕಳೆದರೆ 12,540 ನಷ್ಟ. ಅವನ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಇದನ್ನು ಬಿಳಿ ಹಾಳೆ ಮೇಲೆ ಬರೆದು ತೋರಿಸಿದಾಗ ಅವನು ತುಂಬ ಹೊತ್ತು ಮಾತಾಡಲಿಲ್ಲ.

ಹಾಗಾದರೆ ಅಸಲಾದರೂ ಉಳಿಯಬೇಕು ಅಂದರೆ ಎಷ್ಟು ಗೆಲ್ಲಬೇಕು? ಗೆದ್ದರೆ ಇಟ್ಟ ಒಂದು ರೂಪಾಯಿಗೆ ಅಸಲು ಸೇರಿ 1.82 ಬರುತ್ತದೆ. ಅದಕ್ಕೇ 100 ಅನ್ನು 1.82ರಿಂದ ಭಾಗಿಸಿ. ಸುಮಾರು 55 ಬರುತ್ತದೆ. ನೂರು ಟ್ರೇಡಿನಲ್ಲಿ 55 ಸರಿಯಾದರೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಲಾಭ ಶುರುವಾಗುವುದು ಅಲ್ಲಿಂದಾಚೆ. ಒಂದು ನಿಮಿಷದ ಒಳಗೆ ಡಾಲರ್ ದರ ಯಾವ ಕಡೆ ಅಲುಗುತ್ತದೆ ಅನ್ನುವುದು ನಾಣ್ಯ ಚಿಮ್ಮಿದ ಹಾಗೆಯೇ. ಆ ಒಂದು ನಿಮಿಷದಲ್ಲಿ ಸಾಮಾನ್ಯವಾಗಿ ಹೊಸ ಸುದ್ದಿ ಇರುವುದಿಲ್ಲ, ಅಮೆರಿಕದ ಆರ್ಥಿಕತೆ ಬದಲಾಗುವುದಿಲ್ಲ. ಎಲ್ಲೋ ಒಂದು ಬ್ಯಾಂಕ್ ಸ್ವಲ್ಪ ಕೊಂಡಿತು, ಇನ್ನೊಂದು ಸ್ವಲ್ಪ ಮಾರಿತು, ದರ ಅಲುಗಿತು. ದರದ ಏರಿಳಿತ ತೋರಿಸುವ ಕ್ಯಾಂಡಲ್ ನೋಡಿ, ಗೆರೆ ಎಳೆದು ಅದನ್ನು ಮೊದಲೇ ಹೇಳುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ.

ನಮ್ಮ ಹುಡುಗ 51.5 ಪರ್ಸೆಂಟ್ ಗೆದ್ದಿದ್ದ. ನಾಣ್ಯ ಚಿಮ್ಮಿ ಆಡಿದ್ದರೆ ಇದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತಿದ್ದ. ಅರ್ಧ ಗೆದ್ದು ಅರ್ಧ ಸೋತರೆ ಇಟ್ಟ ಪ್ರತಿ ನೂರು ರೂಪಾಯಿಗೆ 9 ರೂಪಾಯಿ ಹೋಗುತ್ತದೆ. ಅವನು 400 ಸಲದಲ್ಲಿ ಒಟ್ಟು 2 ಲಕ್ಷ ಇಟ್ಟಿದ್ದ. ಅದರ 9 ಪರ್ಸೆಂಟ್ 18,000. ಅಂದರೆ ಅವನು ಅದೃಷ್ಟವಂತನೇ. ಆದರೂ ಸೋತ.

ಈಗ ನಮ್ಮ ಕಡೆಯ ಒಂದು ವಿಷಯಕ್ಕೆ ಬರೋಣ. ಇಲ್ಲಿರುವ ನಿಮಗೆಲ್ಲ ಓಸಿ, ಅಂದರೆ ಮಟ್ಕಾ ಜೂಜು, ಗೊತ್ತು. ಆಡಿಲ್ಲದಿದ್ದರೂ ಕೇಳಿರುತ್ತೀರಿ. ಪೇಪರಿನಲ್ಲಿ ಬರುತ್ತಲೇ ಇರುತ್ತದೆ: ಬಸ್ ನಿಲ್ದಾಣದ ಹತ್ತಿರ ಮಟ್ಕಾ ಚೀಟಿ ಬರೆಯುತ್ತಿದ್ದವನ ಬಂಧನ, ಇಷ್ಟು ನಗದು ವಶ. ಓಸಿ ಅಂದರೆ ಏನು ಅಂತ ಎಷ್ಟು ಜನಕ್ಕೆ ಗೊತ್ತು? ಓಪನ್ ಮತ್ತು ಕ್ಲೋಸ್. ಯಾವುದರ ಓಪನ್, ಯಾವುದರ ಕ್ಲೋಸ್? ಹತ್ತಿಯ ದರದ್ದು. ಈ ಆಟ ಹುಟ್ಟಿದ್ದು ಮುಂಬಯಿಯಲ್ಲಿ. ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭದ ದರ ಮತ್ತು ಮುಕ್ತಾಯದ ದರ ತಂತಿಯಲ್ಲಿ ಮುಂಬಯಿಗೆ ಬರುತ್ತಿತ್ತು. ಜನ ಆ ಅಂಕಿಗಳ ಮೇಲೆ ಹಣ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತುಹೋಯಿತು. ಆಟ ಮಾತ್ರ ನಿಲ್ಲಲಿಲ್ಲ. ಮಡಕೆಯಲ್ಲಿ ಚೀಟಿ ಹಾಕಿ ಎತ್ತತೊಡಗಿದರು. ಮಡಕೆಗೆ ಅಲ್ಲಿ ಮಟ್ಕಾ ಅನ್ನುತ್ತಾರೆ. ಹೆಸರು ಹಾಗೆ ಬಂತು.

ಇದನ್ನು ಯಾಕೆ ಹೇಳಿದೆ ಅಂದರೆ, ಹತ್ತಿಯ ದರ ನಿಜವಾದದ್ದೇ ಆಗಿತ್ತು. ನ್ಯೂಯಾರ್ಕಿನಲ್ಲಿ ನಿಜವಾದ ವ್ಯಾಪಾರಿಗಳು ನಿಜವಾದ ಹತ್ತಿ ಕೊಂಡು ಮಾರುತ್ತಿದ್ದರು. ಮುಂಬಯಿಯಲ್ಲಿ ಹಣ ಕಟ್ಟಿದವನಿಗೆ ಮಾತ್ರ ಒಂದು ಎಳೆ ಹತ್ತಿಯೂ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಅಂಕಿ. ಬೈನರಿ ಆಪ್ಷನ್ನಿನಲ್ಲೂ ಹೀಗೆಯೇ. ಪರದೆಯಲ್ಲಿ ಡಾಲರ್ ದರ ಓಡುತ್ತದೆ, ಆದರೆ ನೀವು ಒಂದು ಡಾಲರೂ ಕೊಳ್ಳುವುದಿಲ್ಲ. ಚಿನ್ನದ ದರ ಓಡುತ್ತದೆ, ಒಂದು ಗುಂಜಿ ಚಿನ್ನವೂ ನಿಮ್ಮದಾಗುವುದಿಲ್ಲ.

ಇನ್ನು ಲೆಕ್ಕ. ಓಸಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಒಂದು ಅಂಕಿ ಕಟ್ಟಿದರೆ ಒಂದಕ್ಕೆ ಒಂಬತ್ತು ಕೊಡುವುದು ವಾಡಿಕೆ. ಬರುವ ಸಾಧ್ಯತೆ ಹತ್ತರಲ್ಲಿ ಒಂದು. ಹತ್ತು ಅಂಕಿಗೂ ನೂರು ನೂರು ಕಟ್ಟಿದಿರಿ ಅನ್ನಿ. ಸಾವಿರ ಹೋಯಿತು, ಒಂಬೈನೂರು ಬಂತು. ನೂರು ರೂಪಾಯಿಗೆ ಹತ್ತು ಬುಕ್ಕಿಗೆ. ಈಗ 80 ಪರ್ಸೆಂಟ್ ಕೊಡುವ ಬೈನರಿ ಆ್ಯಪ್ ತಗೊಳ್ಳಿ. ಮೇಲೆ ಅಂತ ನೂರು, ಕೆಳಗೆ ಅಂತ ನೂರು ಒಟ್ಟಿಗೆ ಇಡಿ. ಇಟ್ಟದ್ದು 200, ವಾಪಸ್ ಬರುವುದು 180. ಮತ್ತೆ ನೂರಕ್ಕೆ ಹತ್ತು. ಓಸಿ ಬರೆಯುವವನು ಇಟ್ಟುಕೊಳ್ಳುವಷ್ಟನ್ನೇ ಆ್ಯಪ್ ಕೂಡ ಇಟ್ಟುಕೊಳ್ಳುತ್ತದೆ.

ವ್ಯತ್ಯಾಸ ಇರುವುದು ಗಡಿಯಾರದಲ್ಲಿ. ಒಂದು ಓಸಿ ಆಟದಲ್ಲಿ ದಿನಕ್ಕೆ ಒಂದು ಓಪನ್, ಒಂದು ಕ್ಲೋಸ್. ಎರಡಕ್ಕೂ 500 ಕಟ್ಟಿದರೆ ದಿನಕ್ಕೆ ಸಾವಿರ. ಸರಾಸರಿ ನೂರು ರೂಪಾಯಿ ಬುಕ್ಕಿಗೆ ಹೋಗುತ್ತದೆ. ನಮ್ಮ ಹುಡುಗ ದಿನಕ್ಕೆ 21 ಸಲ 500 ಇಡುತ್ತಿದ್ದ. ಅಂದರೆ 10,500. ಅದರ 9 ಪರ್ಸೆಂಟ್ 945. ಅದೇ 500ರ ಆಟ, ದಿನದ ಸೋರಿಕೆ ಮಾತ್ರ ಒಂಬತ್ತು ಪಟ್ಟು. ಓಸಿ ಆಡುವವನು ಗಂಟೆಗಟ್ಟಲೆ ಕಾಯಬೇಕು. ಆ ಹೊತ್ತಿನಲ್ಲಿ ಸಿಟ್ಟು ಇಳಿಯುತ್ತದೆ, ಹೆಂಡತಿ ಬೈಯುತ್ತಾಳೆ, ಕೆಲಸ ನೆನಪಾಗುತ್ತದೆ. ಒಂದು ನಿಮಿಷದ ಆಟದಲ್ಲಿ ಆ ಬಿಡುವೇ ಇಲ್ಲ. ಸೋತ ಬೆರಳು ಇನ್ನೂ ಬಟನ್ ಮೇಲೆಯೇ ಇರುತ್ತದೆ.

ಅಲ್ಲಿಂದಲೇ ಡಬಲ್ ಮಾಡುವ ಚಾಳಿ ಶುರುವಾಗುತ್ತದೆ. ಟೆಲಿಗ್ರಾಂ ಗುಂಪುಗಳಲ್ಲಿ ಇದಕ್ಕೆ ಮಾರ್ಟಿಂಗೇಲ್ ಅಂತಾರೆ. ಸೋತರೆ ಮುಂದಿನ ಸಲ ಎರಡು ಪಟ್ಟು ಇಡು, ಗೆದ್ದಾಗ ಹಿಂದಿನದೆಲ್ಲ ವಾಪಸ್ ಬರುತ್ತೆ ಅನ್ನುವ ಉಪದೇಶ. 82 ಪರ್ಸೆಂಟ್ ಆಟದಲ್ಲಿ ಅದನ್ನೇ ಮಾಡಿ ನೋಡೋಣ. 500 ಸೋತಿರಿ. 1,000 ಇಟ್ಟಿರಿ, ಅದೂ ಸೋತಿತು. 2,000 ಇಟ್ಟಿರಿ, ಮತ್ತೆ ಸೋತಿತು. ಹೋದದ್ದು 3,500. ಈಗ 4,000 ಇಟ್ಟು ಗೆದ್ದಿರಿ ಅನ್ನಿ. ಬರುವ ಲಾಭ 3,280. ಗೆದ್ದ ಮೇಲೂ 220 ರೂಪಾಯಿ ಕಡಿಮೆಯೇ! ಇಲ್ಲಿ ಡಬಲ್ ಮಾಡಿದರೆ ಸಾಲುವುದಿಲ್ಲ. ಅದಕ್ಕೇ ಗೊತ್ತಿದ್ದವರು ಎರಡೂವರೆ ಪಟ್ಟು ಮಾಡು ಅಂತಾರೆ. ಆಗ 500, 1,250, 3,125, ಸುಮಾರು 7,800, ಸುಮಾರು 19,500. ಐದು ಸೋಲಿಗೆ 32,000 ದಾಟಿತು. ಆರನೆಯದಕ್ಕೆ 48,000ಕ್ಕೂ ಮೇಲೆ ಇಡಬೇಕು. ಅದೂ ಹೋದರೆ ಒಟ್ಟು 81,000. ಇಷ್ಟೆಲ್ಲ ಆ ಮೊದಲ ಐನೂರನ್ನು ಹಿಂದೆ ತರುವುದಕ್ಕೆ.

ಆರು ಸಲ ಸಾಲಾಗಿ ಸೋಲೋದು ಅಪರೂಪ ಅಂತ ಅನಿಸುತ್ತದೆ. ನಾಣ್ಯ ತಗೊಂಡು ನೂರು ಸಲ ಚಿಮ್ಮಿ. ಎಲ್ಲೋ ಒಂದು ಕಡೆ ಆರು ಸಲ ಸಾಲಾಗಿ ನಿಮ್ಮ ವಿರುದ್ಧ ಬೀಳುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ದಿನಕ್ಕೆ 21 ಸಲ ಆಡುವವನಿಗೆ ನೂರು ಅಂದರೆ ಐದು ದಿನ.

ಈಗ ಎದುರಿಗೆ ಯಾರಿದ್ದಾರೆ ಅನ್ನುವ ವಿಷಯ. ಷೇರು ಪೇಟೆಯಲ್ಲಿ ನೀವು ಒಂದು ಷೇರು ಕೊಂಡರೆ ಮಾರಿದವನು ಇನ್ನೊಬ್ಬ. ನಡುವೆ ವಿನಿಮಯ ಕೇಂದ್ರ ಇದೆ, ಕ್ಲಿಯರಿಂಗ್ ಇದೆ, ಮೇಲೆ ಪೇಟೆಯ ನಿಯಂತ್ರಕ ಸೆಬಿ ಇದೆ. ನೀವು ಗೆದ್ದರೂ ಸೋತರೂ ವಿನಿಮಯ ಕೇಂದ್ರಕ್ಕೆ ಅದೇ ಶುಲ್ಕ. ಬೈನರಿ ಆ್ಯಪಿನಲ್ಲಿ ಸಾಮಾನ್ಯವಾಗಿ ಎದುರಾಳಿ ಆ ಆ್ಯಪೇ. ನೀವು ಸೋತ 500 ಅವರ ಆದಾಯ, ನೀವು ಗೆದ್ದ 410 ಅವರ ಖರ್ಚು. ಮತ್ತೆ ದರ ತೋರಿಸುವವರೂ ಅವರೇ, ಒಂದು ನಿಮಿಷ ಮುಗಿಯಿತು ಅಂತ ಹೇಳುವವರೂ ಅವರೇ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಭಾನುವಾರ ಮಧ್ಯಾಹ್ನ ಇಂಥ ಆ್ಯಪ್ ತೆರೆದು ನೋಡಿ, ಹಣ ಹಾಕಬೇಕಿಲ್ಲ. ಶನಿವಾರ, ಭಾನುವಾರ ಜಗತ್ತಿನ ಕರೆನ್ಸಿ ಪೇಟೆ ಮುಚ್ಚಿರುತ್ತದೆ. ಆದರೂ ಆ್ಯಪಿನಲ್ಲಿ ಡಾಲರ್–ಯೂರೋ ಕ್ಯಾಂಡಲ್ ಏರಿಳಿಯುತ್ತಲೇ ಇರುತ್ತದೆ. ಹೆಸರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಒಟಿಸಿ, ಅಂದರೆ ಪೇಟೆಯ ಹೊರಗಿನದು, ಅಂತ ಇರುತ್ತದೆ. ಪೇಟೆ ಮುಚ್ಚಿರುವಾಗ ಆ ದರ ಬಂದದ್ದು ಎಲ್ಲಿಂದ? ಆ್ಯಪಿನವರ ಕಂಪ್ಯೂಟರಿನಿಂದ. ಹತ್ತಿಯ ದರ ನಿಂತಾಗ ಮಡಕೆ ಬಂತು ಅಂದೆನಲ್ಲ, ಇದೂ ಹಾಗೆಯೇ. ನಮ್ಮ ಹುಡುಗನ 400 ಟ್ರೇಡಿನಲ್ಲಿ ಎಷ್ಟೋ ಟ್ರೇಡ್ ಶನಿವಾರ, ಭಾನುವಾರದ್ದೇ ಆಗಿದ್ದವು. ಅಂಗಡಿ ಬಿಡುವಾಗಿದ್ದ ದಿನ ಅಲ್ವಾ!

ಬೋನಸ್ ವಿಷಯ ಬಿಡಬಾರದು. 5,000 ಹಾಕಿದರೆ ಇನ್ನೊಂದು 5,000 ಉಚಿತ ಅಂತ ಬರುತ್ತದೆ. ಷರತ್ತು ಓದಿ. ಬೋನಸ್ಸಿನ ಮೂವತ್ತು ಪಟ್ಟೋ ನಲವತ್ತು ಪಟ್ಟೋ ಟ್ರೇಡ್ ಮಾಡುವ ತನಕ ಹಣ ತೆಗೆಯುವ ಹಾಗಿಲ್ಲ ಅಂತ ಇರುತ್ತದೆ. ಮೂವತ್ತು ಪಟ್ಟು ಅಂದರೆ ಒಂದೂವರೆ ಲಕ್ಷ. ಒಂದೂವರೆ ಲಕ್ಷದ 9 ಪರ್ಸೆಂಟ್ 13,500. ಖಾತೆಯಲ್ಲಿರುವುದೇ ಹತ್ತು ಸಾವಿರ. ಷರತ್ತು ಮುಗಿಯುವ ಮೊದಲೇ ಖಾತೆ ಖಾಲಿಯಾಗುವ ಹಾಗೆ ಆ ಸಂಖ್ಯೆ ಇಟ್ಟಿರುತ್ತಾರೆ.

ಹಾಗೆಯೇ ಸಿಗ್ನಲ್ ಕೊಡುವವರು. ಅವರಲ್ಲಿ ಅನೇಕರು ಆ್ಯಪಿನ ಏಜೆಂಟರು. ಅವರ ಲಿಂಕಿನಿಂದ ನೀವು ಸೇರಿದರೆ ನೀವು ಸೋತ ಹಣದಲ್ಲಿ ಅವರಿಗೆ ಪಾಲು. ನಿಮಗೆ ಟ್ರೇಡ್ ಹೇಳಿಕೊಡುವ ಮನುಷ್ಯ ನಿಮ್ಮ ಸೋಲಿನಿಂದ ಬದುಕುತ್ತಾನೆ ಅನ್ನುವುದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ. ನಮ್ಮ ಹುಡುಗ ತನ್ನ ಗುಂಪಿನವನನ್ನು "ಅಣ್ಣ" ಅಂತ ಕರೆಯುತ್ತಿದ್ದ.

ಇದು ಹಣಕಾಸಿನ ವ್ಯವಹಾರವೋ ಜೂಜೋ ಅನ್ನುವ ಪ್ರಶ್ನೆ ಬೇರೆ ದೇಶಗಳಿಗೂ ಬಂದಿದೆ. ಬ್ರಿಟನ್ನಿನಲ್ಲಿ 2018ರ ಜನವರಿ ಆರಂಭದವರೆಗೆ ಇದನ್ನು ನೋಡಿಕೊಳ್ಳುತ್ತಿದ್ದದ್ದು ಅಲ್ಲಿನ ಜೂಜು ಆಯೋಗ. ಆಮೇಲೆ ಹಣಕಾಸು ನಿಯಂತ್ರಕರ ಕೈಗೆ ಬಂತು. ಅವರು ಪರಿಶೀಲಿಸಿ, ಇದು ಹಣಕಾಸಿನ ವೇಷ ಹಾಕಿದ ಜೂಜು ಅಂತ ಹೇಳಿ, 2019ರ ಏಪ್ರಿಲ್ 2ರಿಂದ ಸಾಮಾನ್ಯ ಜನರಿಗೆ ಮಾರುವುದನ್ನು ಕಾಯಂ ಆಗಿ ನಿಷೇಧಿಸಿದರು. ಈ ಉದ್ಯಮದ ತವರಿನಂತಿದ್ದ ಇಸ್ರೇಲ್ 2017ರ ಅಕ್ಟೋಬರಿನಲ್ಲೇ ಕಾನೂನು ಮಾಡಿ ಅದನ್ನು ಮುಚ್ಚಿಸಿತ್ತು. ಆಸ್ಟ್ರೇಲಿಯಾದ ನಿಯಂತ್ರಕರು ಲೆಕ್ಕ ತೆಗೆದಾಗ ಸುಮಾರು 80 ಪರ್ಸೆಂಟ್ ಸಾಮಾನ್ಯ ಗ್ರಾಹಕರು ಹಣ ಕಳೆದುಕೊಂಡಿದ್ದರು. 2021ರ ಮೇ ತಿಂಗಳಿನಿಂದ ಅಲ್ಲೂ ನಿಷೇಧ.

ನಮ್ಮಲ್ಲಿ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಅನುಮತಿಯಿಲ್ಲದ ಫಾರೆಕ್ಸ್ ವೇದಿಕೆಗಳ ಎಚ್ಚರಿಕೆ ಪಟ್ಟಿ ಹಾಕಿತು. ಮೊದಲು 34 ಹೆಸರಿದ್ದವು, ಆಮೇಲೆ ಸೇರುತ್ತಾ ಬಂದಿವೆ. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತ ಅರ್ಥವಲ್ಲ. ಅದನ್ನು ರಿಸರ್ವ್ ಬ್ಯಾಂಕೇ ಹೇಳಿದೆ. 1872ರ ಕರಾರು ಕಾಯ್ದೆಯ 30ನೇ ಕಲಮನ್ನು ನೀವು ಓದಿರುತ್ತೀರಿ. ಬಾಜಿಯ ಕರಾರಿಗೆ ಬೆಲೆಯಿಲ್ಲ, ಗೆದ್ದ ಬಾಜಿಯ ಹಣಕ್ಕೆ ಕೋರ್ಟಿಗೆ ಹೋಗುವ ಹಾಗಿಲ್ಲ.

ಹೌದು–ಇಲ್ಲ ಆ್ಯಪುಗಳ ಬಗ್ಗೆಯೂ ಕೆಲವರು ಕೇಳಿದ್ದೀರಿ. ಒಪಿನಿಯನ್ ಟ್ರೇಡಿಂಗ್ ಅಂತ ಹೆಸರು. ನಾಳೆಯ ಪಂದ್ಯ ಬೆಂಗಳೂರು ಗೆಲ್ಲುತ್ತಾ? ಹೌದು ಅನ್ನುವುದಕ್ಕೆ 6 ರೂಪಾಯಿ, ಇಲ್ಲ ಅನ್ನುವುದಕ್ಕೆ 4. ಸರಿಯಾದವರಿಗೆ 10. ಇದರ ರಚನೆ ಸ್ವಲ್ಪ ಬೇರೆ. ಎದುರಿಗಿರುವುದು ಆ್ಯಪ್ ಅಲ್ಲ, ನಿಮ್ಮಂಥ ಇನ್ನೊಬ್ಬ. ಆ 6 ಮತ್ತು 4 ಸೇರಿಯೇ 10 ಆಗುವುದು. ಹೊರಗಿನಿಂದ ಒಂದು ಪೈಸೆಯೂ ಬರುವುದಿಲ್ಲ. ಅದರಿಂದ ಆ್ಯಪ್ ತನ್ನ ಕಮಿಷನ್ ತೆಗೆದುಕೊಂಡರೆ ಆಡಿದವರೆಲ್ಲರ ಕೈಯಲ್ಲಿ ಒಟ್ಟಾರೆ ಉಳಿಯುವುದು ಇಟ್ಟಿದ್ದಕ್ಕಿಂತ ಕಡಿಮೆ. ಒಂದು ಕಂಪನಿಯ ಷೇರು ಇಟ್ಟುಕೊಂಡರೆ ಹಾಗಲ್ಲ. ಕಂಪನಿ ಸೋಪು ಮಾರುತ್ತದೆ, ಸಿಮೆಂಟ್ ಮಾರುತ್ತದೆ, ಹೊರಗಿನ ಹಣ ಒಳಗೆ ಬರುತ್ತದೆ. ನಷ್ಟವೂ ಆಗಬಹುದು, ಆದರೆ ಅಲ್ಲಿ ಒಂದು ದುಡಿಮೆ ಇದೆ. ಸೆಬಿ 2025ರ ಏಪ್ರಿಲ್ 29ರಂದು ಇವು ತನ್ನ ವ್ಯಾಪ್ತಿಗೆ ಬರುವುದಿಲ್ಲ, ಇಲ್ಲಿ ಹೂಡಿಕೆದಾರರ ರಕ್ಷಣೆ ಇಲ್ಲ ಅಂತ ಎಚ್ಚರಿಸಿತು. ಅದೇ ವರ್ಷ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಸಂಸತ್ತಿನಲ್ಲಿ ಪಾಸಾಯಿತು. ಕೌಶಲವೋ ಅದೃಷ್ಟವೋ ಅನ್ನುವ ವಾದಕ್ಕೆ ಅದರಲ್ಲಿ ಜಾಗ ಇಲ್ಲ. ಶಿಕ್ಷೆ ನಡೆಸುವವರಿಗೆ ಮತ್ತು ಜಾಹೀರಾತು ಮಾಡುವವರಿಗೆ, ಆಡಿದವರಿಗೆ ಅಲ್ಲ. ಆಗ ನಮ್ಮ ದೇಶದ ದೊಡ್ಡ ಹೌದು–ಇಲ್ಲ ಆ್ಯಪ್ ತನ್ನ ಹಣದ ಆಟ ನಿಲ್ಲಿಸಿತು. ಹೊರದೇಶದಲ್ಲಿ ಕೂತು ನಡೆಸುವ ಬೈನರಿ ಆ್ಯಪುಗಳನ್ನು ಹಿಡಿಯುವುದು ಅಷ್ಟು ಸುಲಭವಲ್ಲ. ಒಂದು ವಿಳಾಸ ಮುಚ್ಚಿದರೆ ಇನ್ನೊಂದು ವಿಳಾಸ ತೆರೆಯುತ್ತಾರೆ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದರು. "ಸರ್, ಕೆಲವು ಆ್ಯಪಲ್ಲಿ 92 ಪರ್ಸೆಂಟ್ ಕೊಡ್ತಾರೆ. ಆಗ?" ಒಳ್ಳೆಯ ಪ್ರಶ್ನೆ. 100 ಅನ್ನು 1.92ರಿಂದ ಭಾಗಿಸಿ. 52 ದಾಟುತ್ತದೆ. ಇಟ್ಟ ನೂರಕ್ಕೆ ಸೋರಿಕೆ 4 ರೂಪಾಯಿ. ನಮ್ಮ ಹುಡುಗನ 206 ಗೆಲುವಿಗೆ ಆಗ 94,760 ಬರುತ್ತಿತ್ತು, ನಷ್ಟ 2,240ಕ್ಕೆ ಇಳಿಯುತ್ತಿತ್ತು. ಆದರೆ ಅವನು ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಟ್ರೇಡಿನ ಸಂಖ್ಯೆ ಹೆಚ್ಚಿದ ಹಾಗೆ 4 ರೂಪಾಯಿಯೂ ಅದೇ ಕೆಲಸ ಮಾಡುತ್ತದೆ. ಸ್ವಲ್ಪ ತಡ ಆಗುತ್ತದೆ ಅಷ್ಟೇ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: "ಸರ್, ಆ ಮೊಬೈಲ್ ಅಂಗಡಿಯವನ ಖಾತೆ ಯಾಕೆ ಫ್ರೀಜ್ ಆಯ್ತು?"

ಅದನ್ನು ಹೇಳಲೇಬೇಕು. ಅವನು ಹಣ ಹಾಕುವಾಗ ಯುಪಿಐಯಲ್ಲಿ ಪ್ರತಿ ಸಲ ಬೇರೆ ಬೇರೆ ಹೆಸರು ಬರುತ್ತಿತ್ತು. ಒಮ್ಮೆ ಯಾವುದೋ ಕಿರಾಣಿ ಅಂಗಡಿ, ಒಮ್ಮೆ ಯಾವುದೋ ಟ್ರಾವೆಲ್ಸ್. ಯಾವುದೂ ಆ್ಯಪಿನ ಹೆಸರಲ್ಲ. ಸ್ಟೇಟ್‌ಮೆಂಟ್ ನೋಡುವವರಿಗೆ ಇದು ಮೊದಲ ಗುರುತು. ಬೇರೆಯವರ ಹೆಸರಿನ ಬಾಡಿಗೆ ಖಾತೆಗಳು ಅವು. ಒಂದು ದಿನ ಗೆದ್ದ 3,000 ತೆಗೆದ. ಅದು ಬಂದದ್ದು ಒಂದು ಅಪರಿಚಿತ ಖಾತೆಯಿಂದ. ಆ ಖಾತೆಗೆ ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿದ ಹಣವೂ ಸೇರಿತ್ತು. ಆ ಮನುಷ್ಯ ದೂರು ಕೊಟ್ಟ. ಪೊಲೀಸರು ಹಣ ಹೋದ ದಾರಿ ಹಿಡಿದು ಬಂದಾಗ ನಮ್ಮ ಹುಡುಗನ ಖಾತೆಯೂ ಸಿಕ್ಕಿತು. ಅಂಗಡಿಯ ದಿನದ ವ್ಯಾಪಾರವೆಲ್ಲ ಅದೇ ಖಾತೆಯಲ್ಲಿತ್ತು. ಬಿಡಿಭಾಗ ತರಿಸಲೂ ದುಡ್ಡಿಲ್ಲದೆ ಅವನು ನನ್ನ ಮೇಜಿನ ಮುಂದೆ ನಿಂತಿದ್ದ.

ಇಂಥದ್ದು ಆದರೆ ಮೊದಲು ಬ್ಯಾಂಕಿಗೆ ಹೋಗಿ ಎರಡು ವಿಷಯ ಕೇಳಿ: ಯಾವ ಪೊಲೀಸ್ ಠಾಣೆಯಿಂದ ಬಂದ ಆದೇಶ, ದೂರಿನ ಸಂಖ್ಯೆ ಎಷ್ಟು. ವಿವಾದದ ಮೊತ್ತವನ್ನು ಮಾತ್ರ ತಡೆಹಿಡಿದು ಉಳಿದದ್ದನ್ನು ಬಿಡಿ ಅಂತ ಆ ಠಾಣೆಗೆ ಬರವಣಿಗೆಯಲ್ಲಿ ಮನವಿ ಕೊಡಿ, ಆ ಹಣ ಹೇಗೆ ಬಂತು ಅಂತ ಮುಚ್ಚಿಡದೆ ಬರೆಯಿರಿ. ನಿಮ್ಮ ಹಣವೇ ಮೋಸದಲ್ಲಿ ಹೋಗಿದ್ದರೆ 1930ಕ್ಕೆ ತಕ್ಷಣ ಫೋನ್ ಮಾಡಿ. ಗಂಟೆಗಳು ಕಳೆದ ಹಾಗೆ ಹಣ ಇನ್ನಷ್ಟು ಖಾತೆ ದಾಟಿ ಹೋಗಿರುತ್ತದೆ. ನಮ್ಮ ಹುಡುಗನಿಗೆ ಮನವಿ ಬರೆದುಕೊಟ್ಟೆ. ಏಳು ವಾರದ ನಂತರ 3,000 ಬಿಟ್ಟು ಉಳಿದ ಹಣ ತೆಗೆಯಲು ಅವಕಾಶವಾಯಿತು. ಆ ಏಳು ವಾರ ಅವನ ಅಂಗಡಿಯ ಗೂಗಲ್ ಪೇ ಬೋರ್ಡ್ ಮೇಲೆ ಅವನ ತಂಗಿಯ ಖಾತೆಯ ಕ್ಯೂಆರ್ ಕೋಡ್ ಅಂಟಿಸಿತ್ತು.